ಅಂಪೈರ್ ಇಲ್ಲದ ಟೆನಿಸ್: ಅನುಮಾನ ಬಂದರೆ ಚೆಂಡು ಒಳಗೇ

ಭಾನುವಾರದ ಕ್ಲಬ್ ಟೂರ್ನಿಯಲ್ಲಿ ಗೆರೆ ನೋಡಲು ಯಾರೂ ಕೂತಿರುವುದಿಲ್ಲ. ಔಟ್ ಹೇಳಬೇಕಾದವರು ಆಡುವವರೇ. ಅದನ್ನು ಹೇಗೆ ಮಾಡುವುದು?

ಮೊದಲು, ಯಾವ ಗೆರೆ ಯಾರದು ಎಂದು ತಿಳಿದಿರಲಿ. ನೆಟ್‌ನ ನಿಮ್ಮ ಬದಿಯಲ್ಲಿ ಬಿದ್ದ ಚೆಂಡಿಗೆ ಕಾಲ್ ಕೊಡುವವರು ನೀವು. ಎದುರಾಳಿಯ ಬದಿಯದು ಅವರದು. ಗೆರೆಗೆ ಚೂರೇ ಚೂರು ತಾಗಿದರೂ ಚೆಂಡು ಒಳಗೆ.

ಆಮೇಲೆ, ನೆಲ ಕಂಡಿತಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಚೆಂಡಿಗೂ ಗೆರೆಗೂ ನಡುವೆ ಜಾಗ ಕಂಡಿದ್ದರೆ ಮಾತ್ರ ಔಟ್. 'ಔಟ್ ಇರಬೇಕು' ಎಂದು ಅನಿಸಿದ್ದು ಸಾಲದು. ಅನುಮಾನದ ಲಾಭ ಯಾವಾಗಲೂ ಎದುರಾಳಿಗೇ. ಅನುಮಾನ ಇದೆ, ಪಾಯಿಂಟ್ ಮತ್ತೆ ಆಡೋಣ ಎಂದು ಕೇಳುವವರು ಜಾಸ್ತಿ. ಅದು ತಪ್ಪು. ಗೊತ್ತಾಗಲಿಲ್ಲ ಎಂದರೆ ಚೆಂಡು ಒಳಗೆ ಬಿತ್ತು ಎಂದೇ ಲೆಕ್ಕ.

ಔಟ್ ಎಂದು ಹೇಳುವುದಿದ್ದರೆ ಚೆಂಡು ಪುಟಿದ ಕೂಡಲೇ, ಎದುರಾಳಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿ. ಜಗಳ ಹುಟ್ಟುವುದು ಹೆಚ್ಚಾಗಿ ತಡವಾದ ಕಾಲ್‌ನಿಂದಲೇ. ಒಂದು ಉದಾಹರಣೆ ನೋಡಿ. ಎದುರಾಳಿಯ ಸರ್ವ್, ಸ್ಕೋರ್ 30-40. ಅವರ ಎರಡನೇ ಸರ್ವ್ ನಡುಗೆರೆಯ ಹತ್ತಿರ ಬಿತ್ತು. ನೀವು ಸುಮ್ಮನೆ ಹೊಡೆದಿರಿ, ಚೆಂಡು ನೆಟ್‌ಗೆ ಹೋಯಿತು. ಆಗ ನೆನಪಾದಂತೆ 'ಫಾಲ್ಟ್' ಎಂದಿರಿ. ಅದನ್ನು ಒಪ್ಪಿದರೆ ಡಬಲ್ ಫಾಲ್ಟ್, ಗೇಮ್ ನಿಮ್ಮದು. ಆದರೆ ನಿಮ್ಮ ಹೊಡೆತ ಏನಾಯಿತು ಎಂದು ನೋಡಿದ ಮೇಲೆ ಬಂದ ಕಾಲ್ ಅದು. ಸರಿಯಾದ ಸ್ಕೋರ್ ಡ್ಯೂಸ್. ಹೊಡೆಯುತ್ತಲೇ ಬಾಯಿಂದ 'ಫಾಲ್ಟ್' ಬಂದಿದ್ದರೆ ಮಾತು ಬೇರೆ.

ಔಟ್ ಎಂದ ಮೇಲೆ ಚೆಂಡು ಒಳಗಿತ್ತು ಎಂದು ನಿಮಗೇ ಹೊಳೆದರೆ? ತಕ್ಷಣ ಒಪ್ಪಿಕೊಳ್ಳಿ. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್‌ನ ಪದ್ಧತಿಯಂತೆ ಹಾರ್ಡ್ ಕೋರ್ಟ್‌ನಲ್ಲಿ ಮೊದಲ ಸಲ ಆ ಪಾಯಿಂಟ್ ಮತ್ತೆ ಆಡಬೇಕು. ನೀವು ಮುಟ್ಟಲಾಗದ ಹೊಡೆತವಾಗಿದ್ದರೆ, ಅಥವಾ ಇದೇ ಪಂದ್ಯದಲ್ಲಿ ಎರಡನೇ ಸಲ ಹೀಗಾದರೆ, ಪಾಯಿಂಟ್ ಎದುರಾಳಿಗೆ.

ಮಣ್ಣಿನ ಕೋರ್ಟ್‌ನಲ್ಲಿ ಚೆಂಡು ಗುರುತು ಬಿಡುತ್ತದೆ. ಔಟ್ ಎಂದವರು ಆ ಗುರುತು ತೋರಿಸಬೇಕು. ಎದುರಾಳಿ ಕೇಳಿದರೆ ನೆಟ್ ದಾಟಿ ಬಂದು ನೋಡಬಹುದು. ಅಲ್ಲಿಯವರೆಗೆ ಅದನ್ನು ಕಾಲಿನಿಂದ ಅಳಿಸಬೇಡಿ. ಅಳಿಸಿದರೆ ಪಾಯಿಂಟ್ ಬಿಟ್ಟುಕೊಟ್ಟಂತೆಯೇ.

ಡಬಲ್ಸ್‌ನಲ್ಲಿ ಸರ್ವೀಸ್ ಗೆರೆಯನ್ನು ರಿಟರ್ನ್ ಮಾಡುವವರಿಗಿಂತ ಅವರ ಪಾರ್ಟ್ನರ್ ಚೆನ್ನಾಗಿ ನೋಡುತ್ತಾರೆ. ಗೆರೆಯ ಉದ್ದಕ್ಕೂ ಕಣ್ಣು ಹಾಯುವ ಜಾಗ ಅವರದು. ಅಡ್ಡದಿಂದ ನೋಡಿದರೆ ಕಣ್ಣು ಮೋಸ ಹೋಗುತ್ತದೆ. ಒಬ್ಬರು ಔಟ್, ಇನ್ನೊಬ್ಬರು ಒಳಗೆ ಎಂದರೆ ಅದೇ ಅನುಮಾನ, ಅಲ್ವಾ? ಚೆಂಡು ಒಳಗೆ. ಪಕ್ಕದಲ್ಲಿ ಕೂತ ಅಣ್ಣನನ್ನೋ ಕೋಚ್‌ರನ್ನೋ ಕೇಳುವ ಹಾಗಿಲ್ಲ.

ಎದುರಾಳಿಯ ಕಾಲ್ ಸರಿ ಕಾಣದಿದ್ದರೆ 'ಖಚಿತವಾಗಿ ನೋಡಿದ್ರಾ?' ಎಂದು ಒಮ್ಮೆ ಕೇಳಿ. ಹೌದು ಎಂದರೆ ಮುಂದಿನ ಪಾಯಿಂಟ್‌ಗೆ ಹೋಗಿ. ಮತ್ತೆ ಮತ್ತೆ ಹೀಗಾದರೆ ವಾದ ಬೇಡ, ಆಟ ನಿಲ್ಲಿಸಿ ರೆಫ್ರಿಯನ್ನು ಕರೆಸಿ.