ರಾತ್ರಿ ಪಾಳಿಯ ನಾಲ್ಕು ಜನ, 22 ರೋಗಿಗಳು: ನಮ್ಮ ವಾರ್ಡಿನ ಫೈರ್ ಡ್ರಿಲ್

ನಾನು ಇನ್‌ಚಾರ್ಜ್ ಸಿಸ್ಟರ್ ಆಗಿ ಬಂದಾಗ ವಾರ್ಡಿನ ಗೋಡೆ ಮೇಲೆ ಒಂದು ಫೈರ್ ಪ್ಲಾನ್ ಇತ್ತು. ಫ್ರೇಮ್ ಹಾಕಿಸಿ ತೂಗುಹಾಕಿದ್ದರು. ಬೆಂಕಿ ಬಿದ್ದರೆ ಯಾರು ಏನು ಮಾಡಬೇಕು ಅಂತ ಏಳು ಜನರ ಹೆಸರು ಬರೆದಿತ್ತು. ಅವರಲ್ಲಿ ಇಬ್ಬರು ಬೇರೆ ವಾರ್ಡಿಗೆ ಹೋಗಿದ್ದರು, ಒಬ್ಬರು ಕೆಲಸವನ್ನೇ ಬಿಟ್ಟಿದ್ದರು. ಉಳಿದ ನಾಲ್ವರು ಒಂದೇ ಪಾಳಿಯಲ್ಲಿ ಒಟ್ಟಿಗೆ ಇದ್ದ ದಿನವೇ ಇಲ್ಲ.

ಹಾಗಾಗಿ ಹೆಸರುಗಳನ್ನು ಬಿಟ್ಟು ತಲೆಗಳ ಲೆಕ್ಕದಿಂದ ಶುರು ಮಾಡಿದೆ. ಹಗಲಿನ ಲೆಕ್ಕ ಅಲ್ಲ, ರಾತ್ರಿ ಎರಡೂವರೆ ಗಂಟೆಯ ಲೆಕ್ಕ. ಆಗ ನಮ್ಮಲ್ಲಿ ಇರುವುದು ಇಬ್ಬರು ನರ್ಸ್, ಒಬ್ಬರು ಆಯಾ, ಒಬ್ಬರು ಡ್ಯೂಟಿ ಡಾಕ್ಟರ್. ನಾಲ್ಕು ಜನರಿಂದ ಆಗುವ ಪ್ಲಾನ್ ಹತ್ತು ಜನರಿದ್ದಾಗಲೂ ನಡೆಯುತ್ತದೆ. ಹತ್ತು ಜನರಿಗೆ ಬರೆದದ್ದು ರಾತ್ರಿ ಕೈಕೊಡುತ್ತದೆ.

ಪೇಂಟಿಂಗ್‌ಗೆ ಅಂತ ವಾರ್ಡ್ ಮೂರು ದಿನ ಖಾಲಿ ಇತ್ತು. ಇಂಥ ಅವಕಾಶ ಮತ್ತೆ ಸಿಗುವುದಿಲ್ಲ ಅಂತ ಅಲ್ಲೇ ಡ್ರಿಲ್ ಇಟ್ಟುಕೊಂಡೆವು. ನಿಜವಾದ ರೋಗಿಗಳನ್ನು ಡ್ರಿಲ್‌ಗಾಗಿ ಎಳೆದಾಡುವುದು ತಪ್ಪು. ನರ್ಸಿಂಗ್ ವಿದ್ಯಾರ್ಥಿಗಳನ್ನು ಬೆಡ್‌ಗಳ ಮೇಲೆ ಮಲಗಿಸಿ, ಒಬ್ಬೊಬ್ಬರ ಎದೆಗೂ ಒಂದು ಚೀಟಿ ಅಂಟಿಸಿದೆವು. ಹಿಂದಿನ ವಾರದ ಒಂದು ರಾತ್ರಿ ವಾರ್ಡಿನಲ್ಲಿ ಇದ್ದ ಹಾಗೇ: 22 ರೋಗಿಗಳು, ಅದರಲ್ಲಿ 11 ಜನ ನಡೆಯಬಲ್ಲವರು, 7 ಜನಕ್ಕೆ ಆಸರೆ ಬೇಕು, 4 ಜನ ಏಳಲಾರರು. ಆ ನಾಲ್ವರಲ್ಲಿ ಮೂವರಿಗೆ ಗೋಡೆಯ ಆಕ್ಸಿಜನ್. ಬೆಂಕಿ 9ನೇ ಬೆಡ್ ಪಕ್ಕದ ಪ್ಲಗ್‌ನಲ್ಲಿ ಅಂತ ಇಟ್ಟುಕೊಂಡೆವು.

ಹೋಗಬೇಕಾದದ್ದು ಕೆಳಗಿನ ಮೈದಾನಕ್ಕಲ್ಲ. ಏಳಲಾರದ ರೋಗಿಯನ್ನು ಮೆಟ್ಟಿಲಲ್ಲಿ ಇಳಿಸುವುದು ಕೊನೆಯ ದಾರಿ, ಲಿಫ್ಟ್ ಹತ್ತುವ ಹಾಗಿಲ್ಲ. ಅದೇ ಮಹಡಿಯಲ್ಲಿ ಬೆಂಕಿ ತಡೆಯುವ ಬಾಗಿಲಿನ ಆಚೆ ಇರುವ ಪಕ್ಕದ ವಾರ್ಡಿಗೆ ದಾಟಿಸಿದರೆ ಸಮಯ ಸಿಗುತ್ತದೆ. ಆದರೆ ಆ ಬಾಗಿಲು ಮುಚ್ಚಿಕೊಳ್ಳಬೇಕು. ಟ್ರಾಲಿ ಓಡಾಟಕ್ಕೆ ಸುಲಭ ಆಗಲಿ ಅಂತ ನಮ್ಮದಕ್ಕೆ ಯಾರೋ ಒಂದು ಸ್ಟೂಲ್ ಅಡ್ಡ ಇಟ್ಟಿದ್ದರು. ಹಾಗೆ ತೆರೆದಿದ್ದರೆ ಹೊಗೆ ರೋಗಿಗಳ ಜೊತೆಗೇ ದಾಟಿಬಿಡುತ್ತದೆ.

ಮೊದಲ ಸಲ ಎಲ್ಲರನ್ನೂ ದಾಟಿಸಲು 14 ನಿಮಿಷ ಆಯಿತು. ಅದಕ್ಕಿಂತ ನನಗೆ ಚಿಂತೆ ಹತ್ತಿದ್ದು ಬೇರೆ ವಿಷಯಕ್ಕೆ. ಆಚೆ ಬದಿಯಲ್ಲಿ ನಿಂತು "ಎಲ್ಲರೂ ಬಂದರು" ಅಂತ ಅಂದುಕೊಂಡಾಗ ಆಯಾ ಕೇಳಿದರು: "ಸಿಸ್ಟರ್, ಟಾಯ್ಲೆಟ್‌ನಲ್ಲಿದ್ದ ಹುಡುಗೀನ ಯಾರು ಕರ್ಕೊಂಡು ಬಂದ್ರಿ?" ಯಾರೂ ಕರೆತಂದಿರಲಿಲ್ಲ. ಡ್ರಿಲ್ ಶುರುವಾಗುವ ಮುಂಚೆ ಒಬ್ಬ ವಿದ್ಯಾರ್ಥಿನಿಯನ್ನು ನಾನೇ ಒಳಗೆ ಕೂರಿಸಿದ್ದೆ, ಆಯಾ ಅದನ್ನು ನೋಡಿದ್ದರು. ನಾಲ್ಕೂ ಜನ ಬೆಡ್ ತಳ್ಳುತ್ತಿದ್ದರು. ಎಣಿಸುವವರು ಯಾರೂ ಇರಲಿಲ್ಲ.

ಅವತ್ತೇ ಒಂದು ತೀರ್ಮಾನ ಮಾಡಿದೆ: ಒಬ್ಬರ ಕೈ ಖಾಲಿ ಇರಬೇಕು. ಇದಕ್ಕೆ ಜಾಸ್ತಿ ವಿರೋಧ ಬಂತು. ಇರುವುದೇ ನಾಲ್ಕು ಜನ, ಅದರಲ್ಲಿ ಒಬ್ಬರು ಸುಮ್ನೆ ನಿಲ್ಲೋದಾ ಅಂತ. ಆದರೆ ಅವರು ಸುಮ್ನೆ ನಿಲ್ಲುವುದಿಲ್ಲ. ಈಗ ನಮ್ಮಲ್ಲಿ ನಾಲ್ಕು ಕಾರ್ಡ್‌ಗಳಿವೆ. ಪ್ರತಿ ಪಾಳಿಯ ಹ್ಯಾಂಡೋವರ್‌ನಲ್ಲಿ ಅವನ್ನು ಹಂಚುತ್ತೇವೆ, ಜೇಬಿಗೆ ಹಾಕಿಕೊಳ್ಳುತ್ತೇವೆ.

ಒಂದನೇ ಕಾರ್ಡ್ ಪಾಳಿಯ ಹಿರಿಯ ನರ್ಸ್‌ಗೆ. ಅಲಾರಂ ಒತ್ತುವುದು, ಫೋನ್ ಮಾಡುವುದು, ಯಾವ ಕಡೆ ಹೋಗಬೇಕು ಅಂತ ಕೂಗಿ ಹೇಳುವುದು, ಆಕ್ಸಿಜನ್ ವಾಲ್ವ್, ರೋಗಿಗಳ ರಿಜಿಸ್ಟರ್, ಎಣಿಕೆ. ಬೆಡ್ ಮುಟ್ಟುವ ಹಾಗಿಲ್ಲ.

ಎರಡನೇ ಕಾರ್ಡ್ ಇನ್ನೊಬ್ಬ ನರ್ಸ್‌ಗೆ. ಮೊದಲು ಬೆಂಕಿಯ ಪಕ್ಕದಲ್ಲಿರುವವರು, ಅವರು ಯಾರೇ ಆಗಿರಲಿ. ಆಮೇಲೆ ಏಳಲಾರದವರು.

ಮೂರನೇದು ಆಯಾಗೆ. ನಡೆಯಬಲ್ಲವರನ್ನು ಮತ್ತು ಅವರ ಜೊತೆಗಿರುವ ಮನೆಯವರನ್ನು ಒಂದೇ ಗುಂಪಾಗಿ ಕರೆದೊಯ್ಯುವುದು. ಆಸರೆ ಬೇಕಾದವರಿಗೆ ಆ ಮನೆಯವರನ್ನೇ ಜೊತೆ ಮಾಡುವುದು. ವಾಪಸ್ ಬರುತ್ತಾ ಟಾಯ್ಲೆಟ್, ಸ್ಟೋರ್, ಕೊನೆಯ ಕೋಣೆ ನೋಡಿ ಬಾಗಿಲು ಮುಚ್ಚಿ, ಬಾಗಿಲ ಮುಂದೆ ಒಂದು ದಿಂಬು ಹಾಕುವುದು. ದಿಂಬು ಕಂಡರೆ ಒಳಗೆ ಯಾರೂ ಇಲ್ಲ ಅಂತ ಅರ್ಥ.

ನಾಲ್ಕನೇದು ಡಾಕ್ಟರ್‌ಗೆ. ಆಕ್ಸಿಜನ್ ರೋಗಿಗಳನ್ನು ಸಿಲಿಂಡರ್‌ಗೆ ಬದಲಾಯಿಸುವುದು, ಬೇಕಾದರೆ ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಹಿಡಿದು ಜೊತೆಗೆ ಹೋಗುವುದು.

ಬೆಂಕಿ ಆರಿಸುವುದು ಯಾವ ಕಾರ್ಡಿನಲ್ಲೂ ಇಲ್ಲ. ಅದು ಅಲಾರಂ ಕೇಳಿ ಬರುವ ಸೆಕ್ಯೂರಿಟಿಯವರ ಕೆಲಸ. ನಮ್ಮವರು ಎಕ್ಸ್‌ಟಿಂಗ್ವಿಶರ್ ಹಿಡಿಯುವುದಾದರೆ ಬೆಂಕಿ ಚಿಕ್ಕದಿರಬೇಕು, ಹೊರಹೋಗುವ ದಾರಿ ಬೆನ್ನ ಹಿಂದೆ ಇರಬೇಕು. ಒಂದು ಎಕ್ಸ್‌ಟಿಂಗ್ವಿಶರ್ ಖಾಲಿಯಾದರೂ ಆರದಿದ್ದರೆ ಬಿಟ್ಟು ಬರಬೇಕು. ಪ್ಲಗ್‌ಗೆ ಹತ್ತಿದ ಬೆಂಕಿಗೆ ಕಾರ್ಬನ್ ಡೈಆಕ್ಸೈಡ್ ಇರುವುದು ಆಗುತ್ತದೆ, ನೀರು ಹಾಕಬಾರದು.

ಆಕ್ಸಿಜನ್ ವಾಲ್ವ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಆಕ್ಸಿಜನ್ ಹರಿಯುತ್ತಿದ್ದರೆ ಬೆಂಕಿ ಹೆಚ್ಚುತ್ತದೆ, ನಿಲ್ಲಿಸಿದರೆ ಅದನ್ನೇ ನಂಬಿರುವ ರೋಗಿಗೆ ಉಸಿರು ಕಟ್ಟುತ್ತದೆ. ಅದಕ್ಕೇ ನಮ್ಮ ನಿಯಮ ಹೀಗಿದೆ: ಒಂದನೇ ಕಾರ್ಡ್ "ಆಕ್ಸಿಜನ್ ನಿಲ್ಲಿಸ್ತೀನಿ" ಅಂತ ಕೂಗಬೇಕು, ನಾಲ್ಕನೇ ಕಾರ್ಡ್ "ಮೂವರೂ ಸಿಲಿಂಡರ್‌ಗೆ ಬಂದರು" ಅಂತ ಕೂಗಬೇಕು, ಆಮೇಲೆ ವಾಲ್ವ್ ತಿರುಗಿಸಬೇಕು. ಬೆಂಕಿ ಪೈಪ್ ಹತ್ತಿರವೇ ಇದ್ದರೆ ಮಾತ್ರ ಕಾಯುವುದಿಲ್ಲ. ಡ್ರಿಲ್‌ನಲ್ಲಿ ವಾಲ್ವ್ ಪೆಟ್ಟಿಗೆಯ ಮೇಲೆ ಕೈ ಇಡುತ್ತೇವೆ ಅಷ್ಟೇ, ತಿರುಗಿಸುವುದಿಲ್ಲ.

ಆ ಮೂರು ದಿನಗಳಲ್ಲಿ ಪೈಪ್‌ಲೈನ್ ಟೆಕ್ನಿಷಿಯನ್ ಅವರನ್ನು ಕರೆಸಿ, ಈ ವಾಲ್ವ್ ಯಾವ ಬೆಡ್‌ಗಳಿಗೆ ಅಂತ ಕೇಳಿದೆ. ಅವರು ಲೈನ್ ಹಿಡಿದು ನೋಡುತ್ತಾ ಹೋಗಿ ಪಕ್ಕದ ವಾರ್ಡಿನಲ್ಲಿ ನಿಂತರು. ನಮ್ಮ 28 ಬೆಡ್‌ಗಳ ಜೊತೆ ಅಲ್ಲಿನ ಆರು ಬೆಡ್‌ಗಳೂ ಅದೇ ವಾಲ್ವ್‌ಗೆ ಸೇರಿದ್ದವು. ರೋಗಿಗಳನ್ನು ನಾವು ದಾಟಿಸುವುದು ಆ ವಾರ್ಡಿಗೇ ಅಲ್ವಾ? ಇಲ್ಲಿ ತಿರುಗಿಸಿದರೆ ಅಲ್ಲಿ ಆರು ಜನಕ್ಕೆ ಆಕ್ಸಿಜನ್ ನಿಲ್ಲುತ್ತಿತ್ತು. ಈಗ ಪೆಟ್ಟಿಗೆಯ ಮೇಲೆ ಬೆಡ್ ನಂಬರುಗಳನ್ನು ದೊಡ್ಡದಾಗಿ ಬರೆದಿದೆ. ವಾಲ್ವ್ ಮುಟ್ಟುವ ಮುಂಚೆ ಪಕ್ಕದ ವಾರ್ಡಿಗೆ ಫೋನ್ ಮಾಡುವುದೂ ಒಂದನೇ ಕಾರ್ಡಿಗೆ ಸೇರಿದೆ.

ಎರಡನೇ ಸಲ ಒಂಬತ್ತು ನಿಮಿಷದಲ್ಲಿ ಮುಗಿಯಿತು, ಎಣಿಕೆ 22 ಸರಿ ಬಂತು. ಎಡವಿದ್ದು ಒಂದೇ ಕಡೆ. 12ನೇ ಬೆಡ್‌ನ ಬ್ರೇಕ್ ಬಿಚ್ಚಿ ಎಳೆದರು, ಬೆಡ್ ಎರಡು ಅಡಿ ಬಂದು ನಿಂತಿತು. ಆಕ್ಸಿಜನ್ ಟ್ಯೂಬ್ ಇನ್ನೂ ಗೋಡೆಗೇ ಸಿಕ್ಕಿಕೊಂಡು ಬಿಗಿದಿತ್ತು, ಬೆಡ್‌ನ ಕರೆಂಟ್ ವೈರ್ ಕೂಡ ಪ್ಲಗ್‌ನಲ್ಲೇ ಇತ್ತು. ನಿಜವಾದ ರೋಗಿಯಾಗಿದ್ದರೆ ಮಾಸ್ಕ್ ಮುಖದಿಂದ ಕಿತ್ತು ಬರುತ್ತಿತ್ತು. ಅದಾದ ಮೇಲೆ ಎರಡನೇ ಕಾರ್ಡಿನ ಮೇಲೆ ಒಂದು ಸಾಲು ಸೇರಿಸಿದೆ: "ಗೋಡೆ ಕಡೆ ನೋಡು, ಆಮೇಲೆ ಬ್ರೇಕ್ ಬಿಚ್ಚು."

ಹ್ಯಾಂಡೋವರ್ ರಿಜಿಸ್ಟರ್‌ನಲ್ಲೂ ಈಗ ಒಂದು ಹೊಸ ಕಾಲಂ ಇದೆ. ಪ್ರತಿ ರೋಗಿಯ ಹೆಸರಿನ ಮುಂದೆ ನಡೆಯುತ್ತಾರೆ, ಆಸರೆ ಬೇಕು, ಏಳಲಾರರು ಅಂತ ಮೂರರಲ್ಲಿ ಒಂದು ಗುರುತು. ಬೆಳಿಗ್ಗೆ ಆಪರೇಷನ್ ಆದವರ ಗುರುತು ಸಂಜೆಗೆ ಬದಲಾಗಿರುತ್ತದೆ, ಅದಕ್ಕೇ ಪ್ರತಿ ಪಾಳಿಯಲ್ಲೂ ಹೊಸದಾಗಿ ಹಾಕುತ್ತೇವೆ. ಆ ಸ್ಟೂಲ್ ಮಾತ್ರ ವಾರಕ್ಕೆ ಒಂದು ಸಲವಾದರೂ ಬಾಗಿಲಿಗೆ ವಾಪಸ್ ಬರುತ್ತಿತ್ತು. ಕೊನೆಗೆ ಅದನ್ನು ವಾರ್ಡಿನಿಂದಲೇ ಹೊರಗೆ ಕಳಿಸಿದೆ. ಬಾಗಿಲನ್ನು ತೆರೆದು ಹಿಡಿದಿದ್ದು, ಅಲಾರಂ ಆದಾಗ ಅದು ಮುಚ್ಚಿಕೊಳ್ಳುವಂತೆ ತಾನೇ ಬಿಟ್ಟುಬಿಡುವ ಮ್ಯಾಗ್ನೆಟ್ ಬೇಕು ಅಂತ ಬರೆದು ಕೊಟ್ಟಿದ್ದೇನೆ.