ಗೈಡ್‌ಗೆ ಅಧ್ಯಾಯ ಕಳಿಸುವ ಇಮೇಲ್: ಏನು ಕೇಳಬೇಕು, ಹೇಗೆ ಕೇಳಬೇಕು

‘ಮೇಡಂ, ಮೂರನೇ ಅಧ್ಯಾಯ ಲಗತ್ತಿಸಿದ್ದೇನೆ. ದಯವಿಟ್ಟು ನೋಡಿ ಅಭಿಪ್ರಾಯ ತಿಳಿಸಿ.’

ಎಂ.ಎ. ಕಿರುಪ್ರಬಂಧ ಬರೆಯುವವರು ಗೈಡ್‌ಗೆ ಕಳಿಸುವ ಇಮೇಲ್ ಬಹಳ ಸಲ ಇಷ್ಟೇ ಇರುತ್ತದೆ. ಇದರಲ್ಲಿ ಮರ್ಯಾದೆಗೇನೂ ಕೊರತೆ ಇಲ್ಲ. ಆದರೆ ಮೇಡಂ ಏನು ನೋಡಬೇಕು ಅಂತ ಇದರಲ್ಲಿ ಎಲ್ಲೂ ಇಲ್ಲ. ಇಪ್ಪತ್ತೆರಡು ಪುಟ, ಕೈಯಲ್ಲಿ ಇನ್ನೂ ನಾಲ್ಕೈದು ವಿದ್ಯಾರ್ಥಿಗಳ ಕರಡು, ಜೊತೆಗೆ ಪಾಠ, ಮೌಲ್ಯಮಾಪನ. ಹೀಗಿರುವಾಗ ಎರಡರಲ್ಲಿ ಒಂದಾಗುತ್ತದೆ. ಒಂದೋ ಮೊದಲ ನಾಲ್ಕು ಪುಟದ ಕಾಗುಣಿತ ತಿದ್ದಿ ‘ಚೆನ್ನಾಗಿದೆ, ಮುಂದುವರಿಸಿ’ ಅಂತ ಉತ್ತರ ಬರುತ್ತದೆ, ಇಲ್ಲವೇ ಬಿಡುವಾದಾಗ ನೋಡೋಣ ಅಂತ ಇಮೇಲ್ ಕೆಳಗೆ ಕೆಳಗೆ ಹೋಗುತ್ತದೆ. ಎರಡರಿಂದಲೂ ಅಧ್ಯಾಯಕ್ಕೆ ಏನೂ ಸಿಗುವುದಿಲ್ಲ, ಅಲ್ವಾ?

ಒಂದು ಉದಾಹರಣೆ ಇಟ್ಟುಕೊಂಡು ಹಂತ ಹಂತವಾಗಿ ನೋಡೋಣ. ಸಮಾಜಶಾಸ್ತ್ರ ಎಂ.ಎ. ಕೊನೆಯ ಸೆಮಿಸ್ಟರಿನ ವಿದ್ಯಾರ್ಥಿನಿ ಒಬ್ಬಳು ಯಾದಗಿರಿ ಜಿಲ್ಲೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳ ಬಗ್ಗೆ ಬರೆಯುತ್ತಿದ್ದಾಳೆ ಅಂದುಕೊಳ್ಳಿ. ಮೂರನೇ ಅಧ್ಯಾಯದ ಕರಡು ಮುಗಿದಿದೆ.

ಇಮೇಲ್ ಬರೆಯುವ ಮೊದಲು

ಕರಡನ್ನು ಒಂದು ದಿನ ಬಿಟ್ಟು, ಪೆನ್ನು ಹಿಡಿದು ಓದಿ. ಬರೆಯುವಾಗ ಎಲ್ಲೆಲ್ಲಿ ನಿಮಗೇ ಅನುಮಾನ ಬಂದಿತ್ತೋ ಅಲ್ಲಿ ಗೆರೆ ಹಾಕಿ. ಆಮೇಲೆ ಆ ಗೆರೆಗಳನ್ನು ಎರಡು ಪಾಲು ಮಾಡಿ: ನೀವೇ ಸರಿಮಾಡಬಹುದಾದದ್ದು, ಗೈಡ್‌ನ ತೀರ್ಮಾನ ಬೇಕಾದದ್ದು.

ನಮ್ಮ ವಿದ್ಯಾರ್ಥಿನಿಯ ಅಧ್ಯಾಯ ಶುರುವಾಗುವುದೇ ‘2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಸುಮಾರು 45 ಕೋಟಿ ವಲಸಿಗರಿದ್ದಾರೆ’ ಅನ್ನುವ ಸಾಲಿನಿಂದ. ಅಂಕಿ ಸರಿಯಾಗಿಯೇ ಇದೆ. ಆದರೆ ಜನಗಣತಿ ಹುಟ್ಟಿದ ಊರು ಯಾವುದು, ಹಿಂದೆ ವಾಸವಿದ್ದ ಊರು ಯಾವುದು ಅಂತ ಕೇಳಿ ಲೆಕ್ಕ ಹಾಕುತ್ತದೆ. ಹಾಗಾಗಿ ಆ 45 ಕೋಟಿಯಲ್ಲಿ ಮದುವೆಯಾಗಿ ಗಂಡನ ಊರಿಗೆ ಹೋದ ಹೆಣ್ಣುಮಕ್ಕಳದ್ದೇ ದೊಡ್ಡ ಪಾಲು. ಗುಳೆ ಹೋಗುವವರ ಬಗ್ಗೆ ಆ ಅಂಕಿ ಹೆಚ್ಚೇನೂ ಹೇಳುವುದಿಲ್ಲ. ಅದನ್ನು ಅಲ್ಲಿಂದ ತೆಗೆಯಬೇಕು, ಇಲ್ಲವೇ ಅದು ಏನನ್ನು ಲೆಕ್ಕ ಹಾಕಿದೆ ಅಂತ ಪಕ್ಕದಲ್ಲೇ ಬರೆಯಬೇಕು. ಇದಕ್ಕೆ ಗೈಡ್ ಬೇಕಾಗಿಲ್ಲ. ಕಳಿಸುವ ಮೊದಲೇ ನೀವೇ ತಿದ್ದಿ. ಹಾಗೇ ಬಿಟ್ಟರೆ ಮೇಡಂ ಕಣ್ಣು ಮೊದಲು ಬೀಳುವುದೇ ಅಲ್ಲಿಗೆ, ನಿಮ್ಮ ನಿಜವಾದ ಪ್ರಶ್ನೆಗೆ ಬರುವಷ್ಟರಲ್ಲಿ ಅವರ ಬಿಡುವು ಮುಗಿದಿರುತ್ತದೆ.

ಈಗ ಇನ್ನೊಂದು ಪಾಲು. ರಾಷ್ಟ್ರೀಯ ಮಾದರಿ ಸಮೀಕ್ಷೆಯ 2007–08ರ ಸುತ್ತಿನಲ್ಲಿ ಅಲ್ಪಾವಧಿ ವಲಸಿಗರು ಅಂದರೆ ಯಾರು ಅಂತ ಸ್ಪಷ್ಟವಾಗಿ ಹೇಳಿದ್ದಾರೆ: ಹಿಂದಿನ ಒಂದು ವರ್ಷದಲ್ಲಿ ಕೆಲಸಕ್ಕಾಗಿ ಅಥವಾ ಕೆಲಸ ಹುಡುಕಿಕೊಂಡು ಒಂದು ತಿಂಗಳು ಅಥವಾ ಜಾಸ್ತಿ, ಆದರೆ ಆರು ತಿಂಗಳಿಗಿಂತ ಕಡಿಮೆ ಊರು ಬಿಟ್ಟಿದ್ದವರು. ಆದರೆ ಈಕೆ ಮಾತಾಡಿಸಿದ ಕುಟುಂಬಗಳಲ್ಲಿ ಹಲವು ದೀಪಾವಳಿ ಮುಗಿಸಿ ಹೊರಟು, ಮುಂಗಾರು ಬಿತ್ತನೆಗೆ ವಾಪಸ್ ಬರುತ್ತವೆ. ಅಂದರೆ ಹತ್ತಿರ ಹತ್ತಿರ ಏಳು ತಿಂಗಳು. ಸಮೀಕ್ಷೆಯ ಅಳತೆಗೆ ಇವರು ಅಲ್ಪಾವಧಿಯವರಲ್ಲ. ಊರು ಬಿಟ್ಟು ಹೋದವರು ಅನ್ನೋಣವೆಂದರೆ ಮನೆ, ಹೊಲ, ರೇಷನ್ ಕಾರ್ಡು, ವೋಟು ಎಲ್ಲ ಊರಲ್ಲೇ ಇದೆ. ಹಾಗಾದರೆ ಆರು ತಿಂಗಳ ಗೆರೆ ಉಳಿಸಿಕೊಂಡು ಈ ಕುಟುಂಬಗಳನ್ನು ಬೇರೆ ಗುಂಪು ಮಾಡಬೇಕೋ, ಗೆರೆಯನ್ನೇ ಬಿಟ್ಟು ‘ಬಿತ್ತನೆಗೆ ವಾಪಸ್ ಬರುವವರು’ ಅಂತ ತನ್ನದೇ ಅಳತೆ ಇಟ್ಟುಕೊಳ್ಳಬೇಕೋ? ಮೊದಲನೆಯದಾದರೆ ಬೇರೆ ಅಂಕಿಅಂಶಗಳ ಜೊತೆ ಹೋಲಿಸಬಹುದು. ಎರಡನೆಯದಾದರೆ ಜನರ ಬದುಕಿಗೆ ಹತ್ತಿರ, ಆದರೆ ಹೋಲಿಕೆ ಕಷ್ಟ. ಇದು ಗೈಡ್‌ಗೆ ಕೇಳಬೇಕಾದ ಪ್ರಶ್ನೆ. ಯಾಕೆಂದರೆ ಎರಡೂ ದಾರಿ ಸರಿ, ಯಾವುದನ್ನು ಹಿಡಿದರೂ ಮುಂದಿನ ಎರಡು ಅಧ್ಯಾಯ ಬದಲಾಗುತ್ತವೆ.

‘ನನ್ನ ವ್ಯಾಖ್ಯಾನ ಸರಿ ಇದೆಯಾ ಮೇಡಂ?’ ಅಂತ ಕೇಳಿದರೆ ‘ಇದೆ’ ಅಥವಾ ‘ಇಲ್ಲ’ ಅನ್ನುವ ಉತ್ತರ ಬರುತ್ತದೆ. ಎರಡು ದಾರಿ ಹೆಸರಿಸಿ, ನಿಮ್ಮ ಒಲವು ಯಾವ ಕಡೆ, ಯಾಕೆ ಅಂತ ಹೇಳಿ ಕೇಳಿದರೆ ಕಾರಣದ ಜೊತೆ ಉತ್ತರ ಬರುತ್ತದೆ. ಇಮೇಲಿನ ಹೆಚ್ಚುಗಾರಿಕೆ ಪೂರ್ತಿ ಇಲ್ಲೇ ಇದೆ, ಉಳಿದದ್ದೆಲ್ಲ ಸಣ್ಣಪುಟ್ಟ ಶಿಸ್ತು.

ಎರಡೇ ಪ್ರಶ್ನೆ ಸಾಕು. ತೀರಾ ಬೇಕಾದರೆ ಮೂರು. ಹತ್ತು ಕೇಳಿದರೆ ಅದರಲ್ಲಿ ಸುಲಭವಾದ ಮೂರಕ್ಕೆ ಉತ್ತರ ಬಂದು ಕಷ್ಟದ್ದು ಹಾಗೇ ಉಳಿದುಬಿಡುತ್ತದೆ.

ಫೈಲ್ ಸಿದ್ಧ ಮಾಡುವುದು

ಕನ್ನಡದಲ್ಲಿ ಬರೆಯುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲು, ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಗೈಡ್ ಇಮೇಲನ್ನು ಮೊದಲು ನೋಡುವುದು ಹೆಚ್ಚಾಗಿ ಫೋನಿನಲ್ಲೇ. ಹಾಗಾಗಿ ಯೂನಿಕೋಡ್‌ಗೆ ಬದಲಿಸಿ, ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಕೆಟ್ಟಿವೆಯಾ ಅಂತ ಒಂದು ಸಲ ನೋಡಿ. ಆಮೇಲೆ ಎರಡು ಫೈಲ್ ಲಗತ್ತಿಸಿ: ಫೋನಿನಲ್ಲಿ ಓದಲು ಪಿಡಿಎಫ್, ಪಕ್ಕದಲ್ಲಿ ಟಿಪ್ಪಣಿ ಬರೆಯಲು ವರ್ಡ್. ಪುಟಸಂಖ್ಯೆ ಎರಡರಲ್ಲೂ ಇರಲಿ, ಎರಡರಲ್ಲೂ ಒಂದೇ ಆಗಿರಲಿ. ನಿಮ್ಮ ಪ್ರಶ್ನೆಯಲ್ಲಿ ‘ಪುಟ 6’ ಅಂದರೆ ಅವರಿಗೂ ಅದು ಪುಟ 6 ಆಗಿರಬೇಕು.

ಫೈಲಿನ ಹೆಸರು `final_new2.docx` ಅಂತ ಇರಬಾರದು. `Adhyaya3_Gule_Karadu2.docx` ಅಂತಿದ್ದರೆ ಆರು ತಿಂಗಳ ನಂತರವೂ ಹುಡುಕಿದರೆ ಸಿಗುತ್ತದೆ, ಅದರ ಜೊತೆ ನಿಮ್ಮ ಹೆಸರನ್ನೂ ಸೇರಿಸಿ. ಡ್ರೈವ್ ಲಿಂಕ್ ಕಳಿಸುವುದಾದರೆ ಬೇರೆ ಖಾತೆಯಿಂದ ತೆರೆದು ನೋಡಿ. ಅನುಮತಿ ಕೇಳುವ ಲಿಂಕ್ ಬಂದರೆ ಗೈಡ್ ಅವತ್ತಿಗೆ ಅಲ್ಲಿಗೇ ಬಿಡುತ್ತಾರೆ.

ಇನ್ನೊಂದು ವಿಷಯ, ವಲಸೆಯ ಅಧ್ಯಾಯಕ್ಕೆ ಇದು ಬಹಳ ಮುಖ್ಯ. ಕರಡಿನಲ್ಲಿ ಜನ ಇದ್ದಾರೆ. ಯಾವ ಮೇಸ್ತ್ರಿ ಎಷ್ಟು ಮುಂಗಡ ಕೊಟ್ಟ, ಯಾರು ಸಾಲ ತೀರಿಸದೆ ಸೈಟ್ ಬಿಟ್ಟು ಬಂದರು, ಯಾರ ಮಗಳು ಶಾಲೆ ಬಿಟ್ಟಳು, ಎಲ್ಲ ನಿಮ್ಮನ್ನು ನಂಬಿ ಹೇಳಿದ್ದು. ಇಮೇಲ್ ಒಮ್ಮೆ ಹೊರಟರೆ ಯಾರಿಗೆಲ್ಲ ಫಾರ್ವರ್ಡ್ ಆಗುತ್ತದೋ ನಿಮ್ಮ ಕೈಯಲ್ಲಿರುವುದಿಲ್ಲ. ಹೆಸರು ಬದಲಿಸಿದರಷ್ಟೇ ಸಾಲದು. ಒಂದು ಸಣ್ಣ ತಾಂಡಾದ ಹೆಸರು, ಮಕ್ಕಳ ಸಂಖ್ಯೆ, ಗಂಡ ಸೈಟಿನಲ್ಲಿ ಬಿದ್ದು ಕಾಲು ಮುರಿದುಕೊಂಡ ವರ್ಷ, ಇಷ್ಟು ಒಂದೇ ಪ್ಯಾರಾದಲ್ಲಿದ್ದರೆ ಆ ಕಡೆಯವರಿಗೆ ಯಾರ ಮನೆ ಅಂತ ತಕ್ಷಣ ಗೊತ್ತಾಗುತ್ತದೆ. ಊರಿನ ಬದಲು ‘ಗ್ರಾಮ 1’ ಅಂತ ಬರೆಯಿರಿ, ಮೇಸ್ತ್ರಿಯ ಫೋನ್ ನಂಬರ್ ಇರುವ ಅನುಬಂಧ ತೆಗೆದುಹಾಕಿ. ಯಾವ ಹೆಸರು ಯಾರದ್ದು ಅನ್ನುವ ಪಟ್ಟಿಯನ್ನಂತೂ ಯಾವತ್ತೂ ಲಗತ್ತಿಸಬೇಡಿ.

ಈಗ ಇಮೇಲ್

ವಿಷಯದ ಸಾಲು ಓದಿದರೇ ಕೆಲಸ ಏನು ಅಂತ ತಿಳಿಯಬೇಕು. ಒಳಗೆ ಮೊದಲು ನಮಸ್ಕಾರ, ಆಮೇಲೆ ನೇರವಾಗಿ ವಿಷಯ. ‘ತಮ್ಮ ಅಮೂಲ್ಯ ಸಮಯ ಹಾಳುಮಾಡುತ್ತಿರುವುದಕ್ಕೆ ಕ್ಷಮೆ ಇರಲಿ’ ಅಂತೆಲ್ಲ ಬೇಡ. ಕರಡು ಓದುವುದು ಅವರ ಕೆಲಸವೇ, ಚುಟುಕಾಗಿ ಬರೆಯುವುದೇ ನೀವು ತೋರಿಸುವ ಗೌರವ.

> ವಿಷಯ: ಕಿರುಪ್ರಬಂಧ ಅಧ್ಯಾಯ 3 (ಗುಳೆ) ಕರಡು – ಎರಡು ಪ್ರಶ್ನೆಗಳಿಗೆ ಅಭಿಪ್ರಾಯ ಕೋರಿ
>
> ಗೌರವಾನ್ವಿತ ಮೇಡಂ ಅವರಿಗೆ,
> ನಮಸ್ಕಾರಗಳು.
>
> ಕಳೆದ ಭೇಟಿಯಲ್ಲಿ ತಾವು ಹೇಳಿದಂತೆ ಮೂರನೇ ಅಧ್ಯಾಯವನ್ನು ಕುಟುಂಬಗಳ ವಾರ್ಷಿಕ ಓಡಾಟದ ಸುತ್ತ ಮರುಜೋಡಿಸಿದ್ದೇನೆ. ಕರಡು 22 ಪುಟ ಇದೆ. ಪಿಡಿಎಫ್ ಮತ್ತು ವರ್ಡ್ ಎರಡನ್ನೂ ಲಗತ್ತಿಸಿದ್ದೇನೆ. ತಮಗೆ ಸಮಯ ಕಡಿಮೆ ಇದ್ದರೆ ಪುಟ 5ರಿಂದ 9 ಮತ್ತು 16ರಿಂದ 19 ಓದಿದರೆ ಸಾಕು. ಈ ಎರಡು ವಿಷಯದಲ್ಲಿ ತಮ್ಮ ಅಭಿಪ್ರಾಯ ಬೇಕಿತ್ತು.
>
> 1. ಪುಟ 6: ರಾಷ್ಟ್ರೀಯ ಮಾದರಿ ಸಮೀಕ್ಷೆಯ ಆರು ತಿಂಗಳ ಮಿತಿಯನ್ನು ಬಳಸಿದರೆ ಏಳು ತಿಂಗಳು ಹೊರಗಿರುವ ಕುಟುಂಬಗಳು ಅಲ್ಪಾವಧಿ ವಲಸೆಯಿಂದ ಹೊರಗುಳಿಯುತ್ತವೆ. ಮಿತಿ ಬಿಟ್ಟು, ಬಿತ್ತನೆಗೆ ಮರಳುವುದನ್ನೇ ಅಳತೆಯಾಗಿ ಇಟ್ಟುಕೊಳ್ಳಲು ನನಗೆ ಒಲವಿದೆ. ಇದರಿಂದ ಬೇರೆ ಅಂಕಿಅಂಶಗಳ ಜೊತೆ ಹೋಲಿಕೆ ತಪ್ಪುತ್ತದೆ. ಅದು ಒಪ್ಪಬಹುದಾದ ನಷ್ಟವೇ?
>
> 2. ಪುಟ 16–19: ಈಗ ರದ್ದಾಗಿರುವ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯ ಬಗ್ಗೆ ನಾಲ್ಕು ಪುಟ ಬರೆದಿದ್ದೇನೆ. ಆದರೆ ಯಾದಗಿರಿಯಿಂದ ಬೆಂಗಳೂರಿಗೆ ಹೋಗುವವರು ರಾಜ್ಯದ ಗಡಿ ದಾಟುವುದಿಲ್ಲವಾದ್ದರಿಂದ ಅದು ಅವರಿಗೆ ಅನ್ವಯಿಸುತ್ತಿರಲಿಲ್ಲ. ಈ ಭಾಗವನ್ನು ಒಂದು ಪ್ಯಾರಾಕ್ಕೆ ಇಳಿಸಲೇ, ಅಥವಾ ಕಾನೂನು ಯಾರನ್ನು ಬಿಟ್ಟಿತ್ತು ಎಂಬುದನ್ನೇ ವಾದವಾಗಿ ಬೆಳೆಸಲೇ?
>
> ಪುಟ 12ರ ಕೋಷ್ಟಕ ಇನ್ನೂ ಪೂರ್ತಿಯಾಗಿಲ್ಲ, ಸದ್ಯಕ್ಕೆ ಅದನ್ನು ಬಿಡಬಹುದು. ಹೆಸರು ಮತ್ತು ಊರುಗಳನ್ನು ಬದಲಿಸಿದ್ದೇನೆ.
>
> ನಾಲ್ಕನೇ ಅಧ್ಯಾಯವನ್ನು ಮೇ 20ಕ್ಕೆ ಶುರುಮಾಡಬೇಕೆಂದಿದ್ದೇನೆ. ಅದಕ್ಕೆ ಮೊದಲು ಮೊದಲ ಪ್ರಶ್ನೆಗಾದರೂ ತಮ್ಮ ಉತ್ತರ ಸಿಕ್ಕರೆ ಅನುಕೂಲ. ಬರೆಯುವುದಕ್ಕಿಂತ ಮಾತಾಡುವುದು ತಮಗೆ ಸುಲಭವಾದರೆ ತಾವು ಹೇಳಿದ ಹೊತ್ತಿಗೆ ವಿಭಾಗಕ್ಕೆ ಬರುತ್ತೇನೆ.
>
> ವಂದನೆಗಳೊಂದಿಗೆ,
> (ಹೆಸರು, ನೋಂದಣಿ ಸಂಖ್ಯೆ, ಸೆಮಿಸ್ಟರ್)

ಇದರಲ್ಲಿ ಎರಡು ಸಂಗತಿ ಗಮನಿಸಿ. ಒಂದು, ದಿನಾಂಕಕ್ಕೆ ಕಾರಣ ಇದೆ. ‘ಬೇಗ ತಿಳಿಸಿ’ ಅಂದರೆ ಒತ್ತಾಯ, ‘ನಾಲ್ಕನೇ ಅಧ್ಯಾಯ ಶುರುಮಾಡಬೇಕು’ ಅಂದರೆ ಲೆಕ್ಕಾಚಾರ. ಕನಿಷ್ಠ ಎರಡು ವಾರ ಬಿಟ್ಟು ದಿನಾಂಕ ಹಾಕಿ. ಇನ್ನೊಂದು, ಪೂರ್ತಿಯಾಗದ ಕೋಷ್ಟಕದ ಮಾತನ್ನು ಮೊದಲೇ ಹೇಳಿದೆ. ಹೇಳದಿದ್ದರೆ ಗೈಡ್ ಅದರ ಮೇಲೆಯೇ ಅರ್ಧ ಗಂಟೆ ಕಳೆಯುತ್ತಾರೆ.

ಕಳಿಸಿದ ಮೇಲೆ

ಮರುದಿನವೇ ‘ಮೇಡಂ, ಇದು ಹೊಸ ವರ್ಶನ್, ಹಿಂದಿನದು ನೋಡಬೇಡಿ’ ಅಂತ ಇನ್ನೊಂದು ಫೈಲ್ ಕಳಿಸಬೇಡಿ. ಅಷ್ಟರಲ್ಲಿ ಅವರು ಹಳೆಯದರ ಪ್ರಿಂಟ್ ತೆಗೆದು ಗೆರೆ ಎಳೆದಿರಬಹುದು. ಸಣ್ಣ ತಪ್ಪು ಕಂಡರೆ ನಿಮ್ಮ ಬಳಿ ಬರೆದಿಟ್ಟುಕೊಳ್ಳಿ.

ಹೇಳಿದ ದಿನ ಕಳೆದು ಎರಡು ಮೂರು ದಿನವಾದರೂ ಉತ್ತರ ಬರದಿದ್ದರೆ ಅದೇ ಇಮೇಲಿಗೆ ರಿಪ್ಲೈ ಮಾಡಿ. ಹೊಸ ಇಮೇಲ್ ಬೇಡ, ವಾಟ್ಸ್ಆ್ಯಪ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ ಅಂತೂ ಬೇಡವೇ ಬೇಡ. ‘ಮೇಡಂ, ಪುಟ 6ರ ಮೊದಲ ಪ್ರಶ್ನೆಗೆ ಒಂದು ಸಾಲಿನ ಉತ್ತರ ಸಿಕ್ಕರೂ ನಾನು ಮುಂದುವರಿಯಬಹುದು’ ಅಂತ ಬರೆಯಿರಿ. ಕೆಲಸ ಚಿಕ್ಕದಾದಷ್ಟೂ ಉತ್ತರ ಬೇಗ ಬರುತ್ತದೆ.

ಉತ್ತರ ಬಂದಾಗ ಸುಮ್ನೆ ‘ಧನ್ಯವಾದ’ ಅಂತ ಮುಗಿಸಬೇಡಿ. ತಿದ್ದಿದ ಕರಡು ಕಳಿಸುವಾಗ, ಅವರು ಹೇಳಿದ್ದರಲ್ಲಿ ಯಾವುದನ್ನು ಎಲ್ಲಿ ಮಾಡಿದ್ದೀರಿ, ಯಾವುದನ್ನು ಮಾಡಲಿಲ್ಲ, ಯಾಕೆ ಅಂತ ನಾಲ್ಕು ಸಾಲು ಬರೆಯಿರಿ. ಮೇಡಂ ಆರು ತಿಂಗಳ ಮಿತಿಯನ್ನೇ ಉಳಿಸಿ ಅಂದಿದ್ದರೆ, ನೀವು ಅದನ್ನು ಉಳಿಸಿಕೊಂಡು ಏಳು ತಿಂಗಳ ಕುಟುಂಬಗಳಿಗೆ ಪುಟ 7ರಲ್ಲಿ ಬೇರೆ ಪ್ಯಾರಾ ಕೊಟ್ಟಿದ್ದರೆ, ಅದನ್ನು ಹೆಸರಿಸಿ ಹೇಳಿ. ಹೊಸದಾಗಿ ಬರೆದ ಪ್ಯಾರಾಗಳಿಗೆ ವರ್ಡ್ ಫೈಲಿನಲ್ಲಿ ಬಣ್ಣ ಹಚ್ಚಿ ಕಳಿಸಿ, ಆಗ ಅವರು 22 ಪುಟವನ್ನೂ ಮತ್ತೆ ಓದಬೇಕಾಗುವುದಿಲ್ಲ.