ಮೂರು ಲಕೋಟೆಗಳಲ್ಲಿ ಸಿಆರ್‌ಆರ್, ಎಸ್‌ಎಲ್‌ಆರ್ ಲೆಕ್ಕ: ನನ್ನ ಅನುಭವ

ಬ್ಯಾಂಕ್ ಪರೀಕ್ಷೆಗಳಿಗೆ ಪಾಠ ಹೇಳಲು ಶುರುಮಾಡಿ ಏಳೆಂಟು ವರ್ಷಗಳಾದವು. ಬ್ಯಾಂಕು ತನ್ನ ಹೊಣೆಯ ಇಂತಿಷ್ಟು ಪಾಲನ್ನು ರಿಸರ್ವ್ ಬ್ಯಾಂಕಿನಲ್ಲಿ ನಗದಾಗಿ ಇಡಬೇಕು, ಅದು ಸಿಆರ್‌ಆರ್. ಇನ್ನೊಂದು ಪಾಲನ್ನು ಮುಖ್ಯವಾಗಿ ಸರ್ಕಾರಿ ಸಾಲಪತ್ರಗಳಲ್ಲಿ ಇಡಬೇಕು, ಅದು ಎಸ್‌ಎಲ್‌ಆರ್. ಹುಡುಗರು ಹೆಚ್ಚು ಎಡವುವುದು ಈ ಎರಡರ ಲೆಕ್ಕದಲ್ಲೇ. ಮೊದಲ ಎರಡು ವರ್ಷ ಸೂತ್ರಗಳ ಕಿರುಪುಸ್ತಕವನ್ನೇ ನಂಬಿದ್ದೆ. ಅಚ್ಚಿಗೆ ಸುಮಾರು ಹದಿನಾಲ್ಕು ಸಾವಿರ ರೂಪಾಯಿ ಸುರಿದೆ. ಅರ್ಧಕ್ಕಿಂತ ಹೆಚ್ಚು ಪ್ರತಿಗಳು ಕೊನೆಗೆ ರದ್ದಿಗೆ ಹೋದವು. ಹುಡುಗರು ಸೂತ್ರವನ್ನು ಬಾಯಿಪಾಠ ಒಪ್ಪಿಸುತ್ತಿದ್ದರು, ಪ್ರಶ್ನೆಯ ಮಾತು ಸ್ವಲ್ಪ ತಿರುಚಿದರೆ ಕೈಚೆಲ್ಲುತ್ತಿದ್ದರು.

ಆಮೇಲೆ ಲಕೋಟೆಗಳಿಗೆ ಬಂದೆ. ಒಂದರ ಮೇಲೆ ‘ರಿಸರ್ವ್ ಬ್ಯಾಂಕ್’, ಇನ್ನೊಂದರ ಮೇಲೆ ‘ಸರ್ಕಾರಿ ಸಾಲಪತ್ರ’, ಮೂರನೆಯದರ ಮೇಲೆ ‘ಸಾಲ’. ಕಾಗದದ ನೋಟುಗಳನ್ನು ಹಂಚಿ ಹಾಕುವುದಷ್ಟೇ ಕೆಲಸ. ಜೊತೆಗೆ ಪಾಠ ಹೇಳುತ್ತಿದ್ದವರು ‘ಇದು ಮಕ್ಕಳ ಆಟ’ ಎಂದು ನಕ್ಕರು. ಕಳೆದ ತಂಡದ ಇಪ್ಪತ್ತೆರಡು ಜನರಲ್ಲಿ ಹದಿನೇಳೋ ಹದಿನೆಂಟೋ ಮಂದಿ ಈ ವಿಭಾಗದ ಎಲ್ಲ ಲೆಕ್ಕಗಳನ್ನೂ ಸರಿಯಾಗಿ ಬಿಡಿಸಿದ ಮೇಲೆ ನಗು ನಿಂತಿತು.

ಎಲ್ಲರೂ ಜಾರುವ ಜಾಗ ಒಂದಿದೆ. ಒಂದು ಬ್ಯಾಂಕಿನ ನಿವ್ವಳ ಬೇಡಿಕೆ ಮತ್ತು ಅವಧಿ ಹೊಣೆ, ಅಂದರೆ ಮುಖ್ಯವಾಗಿ ಠೇವಣಿದಾರರಿಗೆ ಕೊಡಬೇಕಾದ ಹಣ, 2,000 ಕೋಟಿ, ಸಿಆರ್‌ಆರ್ ಶೇ 3, ಎಸ್‌ಎಲ್‌ಆರ್ ಶೇ 18 ಎನ್ನಿ. ಬಹುತೇಕರು ಮೊದಲು 60 ಕೋಟಿ ಕಳೆದು, ಉಳಿದ 1,940 ಕೋಟಿಗೆ ಶೇ 18 ಹಾಕಿ 349.2 ಕೋಟಿ ಎನ್ನುತ್ತಾರೆ. ಸಾಲಕ್ಕೆ 1,590.8 ಕೋಟಿ ಉಳಿಯಿತು ಎಂದು ಬರೆಯುತ್ತಾರೆ. ಇದು ತಪ್ಪು. ಎರಡೂ ಅನುಪಾತಗಳನ್ನು ಅದೇ 2,000 ಕೋಟಿಯ ಮೇಲೆ ಹಾಕಬೇಕು: 60, 360, ಉಳಿದದ್ದು 1,580. ಪ್ರಶ್ನೆಪತ್ರಿಕೆ ಮಾಡುವವನಿಗೂ ಈ ಜಾರುವಿಕೆ ಗೊತ್ತು, ಆಯ್ಕೆಗಳಲ್ಲಿ ಆ ತಪ್ಪು ಉತ್ತರವನ್ನೇ ಇಟ್ಟಿರುತ್ತಾನೆ.

ಲಕೋಟೆಯ ನಿಜವಾದ ಲಾಭ ಕಂಡದ್ದು ಎರಡನೆಯ ಬಗೆಯ ಪ್ರಶ್ನೆಯಲ್ಲಿ: ಅನುಪಾತ ಇಳಿದರೆ ಸಾಲ ಎಷ್ಟು ಹೆಚ್ಚುತ್ತದೆ? ಸಿಆರ್‌ಆರ್ 2025ರ ಕೊನೆಯ ತಿಂಗಳುಗಳಲ್ಲಿ ನಾಲ್ಕು ಕಂತುಗಳಲ್ಲಿ ಶೇ 4ರಿಂದ 3ಕ್ಕೆ ಇಳಿಯಿತು. ನಮ್ಮ ಉದಾಹರಣೆಯ ಬ್ಯಾಂಕಿಗೆ 20 ಕೋಟಿ ಕೈಗೆ ಬಂತು. 2007ರಿಂದ ಈ ಹಣಕ್ಕೆ ರಿಸರ್ವ್ ಬ್ಯಾಂಕ್ ಬಡ್ಡಿಯನ್ನೇ ಕೊಡುತ್ತಿಲ್ಲವಾದ್ದರಿಂದ ಅದು ಹೊರಬಂದರೆ ಲಾಭವೇ. ಈಗ ಎಸ್‌ಎಲ್‌ಆರ್ ಅನ್ನೂ ಶೇ 18ರಿಂದ 17ಕ್ಕೆ ಇಳಿಸಿದರು ಎಂದುಕೊಳ್ಳಿ. ‘ಇನ್ನೂ 20 ಕೋಟಿ’ ಎಂದು ಇಡೀ ತರಗತಿ ಕೂಗುತ್ತದೆ. ಆಗ ನಾನು ಎರಡನೆಯ ಲಕೋಟೆ ತೆರೆದು ತೋರಿಸುತ್ತೇನೆ. ಅದರಲ್ಲಿರುವುದು 360 ಅಲ್ಲ, 500. ಸಾಲಪತ್ರಕ್ಕೆ ಬಡ್ಡಿ ಬರುತ್ತದೆ, ಹಣ ಮುಳುಗುವ ಅಪಾಯವಿಲ್ಲ, ಅಡವಿಟ್ಟು ರೆಪೊದಲ್ಲಿ ಸಾಲ ಎತ್ತಬಹುದು. ಹಾಗಾಗಿ ಬ್ಯಾಂಕು ತಾನಾಗಿಯೇ 140 ಕೋಟಿ ಹೆಚ್ಚು ಇಟ್ಟುಕೊಂಡಿದೆ. ನಿಯಮ ಸಡಿಲಿಸಿದರೆ ಹೆಚ್ಚುವರಿ 160 ಕೋಟಿ ಆಗುತ್ತದೆ, ಸಾಲ ಹೆಚ್ಚಲೇಬೇಕೆಂದಿಲ್ಲ. ಎಸ್‌ಎಲ್‌ಆರ್ ಇಳಿಕೆಯಿಂದ ನಿಜವಾಗಿ ಕೈ ಸಡಿಲವಾಗುವುದು ಕನಿಷ್ಠದ ಅಂಚಿನಲ್ಲಿರುವ ಬ್ಯಾಂಕಿಗೆ ಮಾತ್ರ. ಪ್ರಶ್ನೆಯಲ್ಲಿ ‘ಕನಿಷ್ಠ ಪ್ರಮಾಣದಲ್ಲಿ ಮಾತ್ರ ಇಟ್ಟಿದೆ’ ಎಂಬ ಮಾತಿದೆಯೇ ಎಂದು ನೋಡಿಯೇ ಮುಂದೆ ಹೋಗಿ. ಇಂಥ ಪ್ರಶ್ನೆಯನ್ನು ಒಂದೇ ಓದಿಗೆ ಗುರುತಿಸುವ ಇನ್ನೊಂದು ಗುಟ್ಟಿದೆ, ಅದು ನನ್ನ ತರಗತಿಯವರಿಗೆ ಮೀಸಲು.

ಒಮ್ಮೆ ಹುಡುಗರನ್ನೇ ಬ್ಯಾಂಕುಗಳಾಗಿ ಕೂರಿಸಿ, ಒಂದು ಠೇವಣಿ ಸಾಲವಾಗಿ, ಆ ಸಾಲ ಮತ್ತೆ ಠೇವಣಿಯಾಗಿ ಬೆಳೆಯುವ ಗುಣಕವನ್ನು ಆಡಿಸಲು ಹೋದೆ. 10,000 ಠೇವಣಿ, ಎರಡೂ ಅನುಪಾತ ಸೇರಿ ಶೇ 21 ತಡೆ. ಸಾಲ 7,900, ಮುಂದಿನವನಿಂದ 6,241, ಆಮೇಲೆ 4,930. ನಾಲ್ಕನೆಯ ಸುತ್ತಿಗೆ ಎಲ್ಲರಿಗೂ ಬೇಸರ ಬಂತು. ಮೊದಲ ಠೇವಣಿಯನ್ನು 0.21ರಿಂದ ಭಾಗಿಸುವ ಸೂತ್ರ ಕೊಡುವ ಒಟ್ಟು ಠೇವಣಿ 47,619. ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು, ‘ಸರ್, ಸಾಲಪತ್ರದ ಲಕೋಟೆಯ ಹಣ ಸರ್ಕಾರಕ್ಕೆ ಹೋಯಿತಲ್ಲ, ಅದು ಸಂಬಳವಾಗಿ ಮತ್ತೆ ಬ್ಯಾಂಕಿಗೆ ಬರುವುದಿಲ್ಲವೇ?’ ಎಂದಳು. ಬರುತ್ತದೆ. ಸಿಆರ್‌ಆರ್ ಹಣವನ್ನು ಬ್ಯಾಂಕುಗಳ ಕೈಯಿಂದ ಹೊರಗಿಡುತ್ತದೆ, ಎಸ್‌ಎಲ್‌ಆರ್ ದಾರಿಯನ್ನಷ್ಟೇ ತಿರುಗಿಸುತ್ತದೆ. ಪರೀಕ್ಷೆಯಲ್ಲಿ 47,619 ಬರೆಯಿರಿ ಎಂದೆ, ಆದರೆ ಅವಳ ಮಾತೇ ಸರಿ.

ಲಕೋಟೆ ಸೋಲುವ ಜಾಗವೂ ಇದೆ. ಸಿಆರ್‌ಆರ್ ಅನ್ನು ಪಾಕ್ಷಿಕ ಸರಾಸರಿಯಲ್ಲಿ ನೋಡುವಾಗ ನಾನು, ಪಕ್ಷಕ್ಕೆ ಹದಿನಾಲ್ಕು ದಿನ ಎಂದುಕೊಂಡು, ಹದಿನಾಲ್ಕು ಮನೆಗಳ ಪಟ್ಟಿ ಬರೆಯುತ್ತೇನೆ. ಬೇಕಾದದ್ದು ದಿನಕ್ಕೆ 60 ಕೋಟಿ, ಒಟ್ಟು 840. ಯಾವ ದಿನವೂ ಶೇ 90ಕ್ಕಿಂತ, ಅಂದರೆ 54 ಕೋಟಿಗಿಂತ ಕೆಳಗಿಳಿಯುವಂತಿಲ್ಲ. ಮೊದಲ ಹತ್ತು ದಿನ 54ರಂತೆ ಇಟ್ಟರೆ 540 ಆಯಿತು. ಉಳಿದ 300 ಅನ್ನು ನಾಲ್ಕು ದಿನಗಳಲ್ಲಿ ತುಂಬಬೇಕು, ದಿನಕ್ಕೆ 75 ಕೋಟಿ.